ಹತ್ತು ಕಂಪನಿ, ಇಪ್ಪತ್ತು ವರ್ಷ

ಒಂದು ಕಂಪನಿ ಹೊಸ ಯಂತ್ರಕ್ಕೆ, ಹೊಸ ಕಾರ್ಖಾನೆಗೆ ಹಣ ಹಾಕುವುದು ಏನನ್ನು ನೋಡಿ? 1958ರಲ್ಲಿ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿ ಯೆಹುದಾ ಗ್ರುನ್‌ಫೆಲ್ಡ್ ಹಿಡಿದ ಪ್ರಶ್ನೆ ಇದು. ಅವರು ಕಲೆಹಾಕಿದ ಅಂಕಿಅಂಶಗಳಲ್ಲಿ ಹತ್ತು ಅಮೆರಿಕನ್ ಕಂಪನಿಗಳ 1935ರಿಂದ 1954ರವರೆಗಿನ ಲೆಕ್ಕ ಇಂದಿಗೂ ತರಗತಿಗಳಲ್ಲಿ ಪಾಠವಾಗುತ್ತಿದೆ. ಪ್ರತಿ ವರ್ಷಕ್ಕೆ ಮೂರೇ ಸಂಖ್ಯೆ: ಹೂಡಿಕೆ, ಷೇರುಪೇಟೆಯಲ್ಲಿ ಕಂಪನಿಯ ಮೌಲ್ಯ, ಕೈಯಲ್ಲಿರುವ ಯಂತ್ರ-ಕಟ್ಟಡಗಳ ಬೆಲೆ.

1935ರಲ್ಲಿ ಜನರಲ್ ಮೋಟಾರ್ಸ್ ಹೂಡಿದ್ದು ಸುಮಾರು 32 ಕೋಟಿ ಡಾಲರ್, ಬೆಂಕಿಕಡ್ಡಿ ತಯಾರಿಸುವ ಡೈಮಂಡ್ ಮ್ಯಾಚ್ ಹೂಡಿದ್ದು 25 ಲಕ್ಷ. ಇಂಥ ಹತ್ತೂ ಕಂಪನಿಗಳನ್ನು ಒಂದೇ ಸಾಲಿಗೆ ಹಾಕಿ ಲೆಕ್ಕ ಮಾಡಿದರೆ, ಷೇರುಪೇಟೆಯ ಮೌಲ್ಯ ಅಷ್ಟೇ ಇದ್ದು ಬಂಡವಾಳ ಸಾಮಗ್ರಿ ಒಂದು ಡಾಲರ್ ಹೆಚ್ಚಿದ್ದಲ್ಲಿ ಹೂಡಿಕೆ 23 ಸೆಂಟ್ ಹೆಚ್ಚು ಎಂಬ ಉತ್ತರ ಬರುತ್ತದೆ. ಆದರೆ ಆಡಳಿತದ ರೀತಿ, ಉದ್ಯಮದ ಸ್ವಭಾವ ಎಂದು ಪ್ರತಿ ಕಂಪನಿಗೂ ಅದರದೇ ಗುಣವಿರುತ್ತದೆ. ಅದು ನಮ್ಮ ಕೋಷ್ಟಕದಲ್ಲಿ ಎಲ್ಲೂ ಕಾಣುವುದಿಲ್ಲ.

ಫಿಕ್ಸೆಡ್ ಎಫೆಕ್ಟ್ಸ್ ವಿಧಾನ ಪ್ರತಿ ಕಂಪನಿಯ ಲೆಕ್ಕದಿಂದ ಅದರದೇ ಸರಾಸರಿಯನ್ನು ಪೂರ್ತಿ ಕಳೆಯುತ್ತದೆ. ಬದಲಾಗದ ಗುಣವೆಲ್ಲ ಅದರೊಂದಿಗೇ ಹೋಗುತ್ತದೆ. ಕೃಷಿ ಉತ್ಪಾದನೆಯ ಅಧ್ಯಯನದಲ್ಲಿ ಯಾಯಿರ್ ಮುಂಡ್ಲಾಕ್ 1961ರಲ್ಲೇ ಈ ದಾರಿ ಹಿಡಿದಿದ್ದರು. 1966ರಲ್ಲಿ ಬಲೆಸ್ಟ್ರಾ ಮತ್ತು ನರ್ಲೋವ್ ಅನಿಲದ ಬೇಡಿಕೆಯನ್ನು ಅಳೆಯಲು ರ್‍ಯಾಂಡಮ್ ಎಫೆಕ್ಟ್ಸ್ ಬಳಸಿದರು. ಇಲ್ಲಿ ಸರಾಸರಿಯ ಒಂದು ಪಾಲನ್ನಷ್ಟೇ ಕಳೆಯುತ್ತಾರೆ, ಹಾಗಾಗಿ ಅಂದಾಜು ಹೆಚ್ಚು ನಿಖರ. ಆದರೆ ಆ ಕಾಣದ ಗುಣಕ್ಕೂ ಮೌಲ್ಯ, ಬಂಡವಾಳಗಳಿಗೂ ನಂಟಿರಬಾರದು. ನಂಟಿದ್ದರೆ ಉತ್ತರವೇ ತಪ್ಪು.

ನಂಟಿದೆಯೋ ಇಲ್ಲವೋ ತಿಳಿಯುವುದು ಹೇಗೆ? 1978ರಲ್ಲಿ ಜೆರ್ರಿ ಹೌಸ್‌ಮನ್ ಸೂಚಿಸಿದ ದಾರಿ ಸರಳ. ನಂಟಿಲ್ಲದಿದ್ದರೆ ಎರಡೂ ವಿಧಾನಗಳ ಉತ್ತರ ಹತ್ತಿರ ಹತ್ತಿರ ಇರಬೇಕು. ವ್ಯತ್ಯಾಸ ದೊಡ್ಡದಾದರೆ ರ್‍ಯಾಂಡಮ್ ಕೈಬಿಡಬೇಕು. ಗ್ರುನ್‌ಫೆಲ್ಡ್ ಲೆಕ್ಕದಲ್ಲಿ ಬಂಡವಾಳದ ಗುಣಾಂಕ ಫಿಕ್ಸೆಡ್‌ನಲ್ಲಿ 0.310, ರ್‍ಯಾಂಡಮ್‌ನಲ್ಲಿ 0.308. ಪರೀಕ್ಷೆಯ ಮೊತ್ತ 2.33, ತಿರಸ್ಕರಿಸಲು 5.99 ದಾಟಬೇಕಿತ್ತು. ರ್‍ಯಾಂಡಮ್ ಪಾಸಾಯಿತು.

ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು, ನನಗೆ ಅದು ಸರಿ ಕಾಣುವುದಿಲ್ಲ. ಕಂಪನಿ ಕಂಪನಿಗಳ ನಡುವಿನ ಅಂತರ ದೊಡ್ಡದು, ವರ್ಷಗಳೂ ಇಪ್ಪತ್ತು. ಹಾಗಾಗಿ ಇಲ್ಲಿ ರ್‍ಯಾಂಡಮ್ ವಿಧಾನವೂ ಸರಾಸರಿಯ ಶೇ. 86ರಷ್ಟನ್ನು ಕಳೆದುಬಿಟ್ಟಿರುತ್ತದೆ. ಅದು ಹೆಚ್ಚುಕಡಿಮೆ ಫಿಕ್ಸೆಡ್ ಆಗಿಯೇ ಇರುವಾಗ ಉತ್ತರಗಳು ಕೂಡಿಬರುವುದು ಸಹಜ. ನಂಟಿಲ್ಲ ಎನ್ನಲು ಅಷ್ಟು ಸಾಲದು. ಇನ್ನೊಂದು ತೊಡಕೂ ಇದೆ. ಎಲ್ಲ ಕಂಪನಿಗಳ ಏರಿಳಿತ ಒಂದೇ ಪ್ರಮಾಣದ್ದು, ಈ ವರ್ಷದ ಏರಿಳಿತ ಮುಂದಿನ ವರ್ಷಕ್ಕೆ ಹರಿಯುವುದಿಲ್ಲ ಎಂದು ಹೌಸ್‌ಮನ್‌ರ ಮೂಲ ಸೂತ್ರ ನಂಬುತ್ತದೆ. ಜನರಲ್ ಮೋಟಾರ್ಸ್ ಮತ್ತು ಬೆಂಕಿಕಡ್ಡಿ ಕಂಪನಿ ಒಂದೇ ಪಟ್ಟಿಯಲ್ಲಿರುವಾಗ ಆ ನಂಬಿಕೆ ನಿಲ್ಲುವುದಿಲ್ಲ. ಮುಂಡ್ಲಾಕ್ 1978ರಲ್ಲಿ ತೋರಿಸಿದಂತೆ ಪ್ರತಿ ಕಂಪನಿಯ ಸರಾಸರಿಗಳನ್ನೂ ಸಮೀಕರಣಕ್ಕೆ ಸೇರಿಸಿ, ಅವುಗಳ ಗುಣಾಂಕ ಸೊನ್ನೆಯೇ ಎಂದು ನೋಡಬಹುದು. ಅಲ್ಲಿ ಅಸಮ ಏರಿಳಿತಕ್ಕೆ ತಕ್ಕ ತಿದ್ದುಪಡಿ ಮಾಡಲು ಬರುತ್ತದೆ, ಆದರೆ ಆ ತಿದ್ದುಪಡಿ ನೆಚ್ಚಿಕೆಗೆ ಬರಬೇಕಾದರೆ ಕಂಪನಿಗಳ ಸಂಖ್ಯೆ ಹತ್ತಕ್ಕಿಂತ ಬಹಳ ಹೆಚ್ಚಿರಬೇಕು.