ಸಂಶೋಧನೆಯ ಪುಟದಿಂದ ರೋಗಿಯ ಮನೆಗೆ: ಸರಳ ಸಾರಾಂಶದ ರಚನೆ



ಗಡಿಯಾಚೆಯ ಕನ್ನಡ ಮನೆಗಳಿಗೆ ಆಸ್ಪತ್ರೆಯ ಕಾಗದ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಬರುತ್ತದೆ. ವೈದ್ಯಕೀಯ ಸಂಶೋಧನೆಯ ವಿಷಯವಾದರೆ ಇಂಗ್ಲಿಷಿನಲ್ಲಿಯೇ ಉಳಿದಿರುತ್ತದೆ. ಅದರಲ್ಲೇನಿದೆ ಎಂದು ಮನೆಯವರು ಕೇಳುವುದು ಅನೇಕ ವೇಳೆ ಊರಿನ ಕನ್ನಡ ಶಿಕ್ಷಕರನ್ನೇ. ಆದುದರಿಂದ ಸಂಶೋಧನ ಲೇಖನವೊಂದರ ಸಾರವನ್ನು ಸತ್ಯ ಕೆಡದಂತೆ, ಮನೆಮಂದಿಗೆ ಅರ್ಥವಾಗುವಂತೆ ಬರೆಯುವ ಬಗೆಯನ್ನು ಒಂದೇ ಉದಾಹರಣೆಯ ಮೂಲಕ ಇಲ್ಲಿ ನೋಡಬಹುದು.

ಉದಾಹರಣೆ ಗಡಿನಾಡಿಗೆ ದೂರದ್ದಲ್ಲ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ನಡೆಸಿದ ‘ರೇಷನ್ಸ್’ ಅಧ್ಯಯನವದು. 2023ರ ಆಗಸ್ಟ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ಷಯರೋಗಿಯೊಡನೆ ಒಂದೇ ಮನೆಯಲ್ಲಿ ಬಾಳುವವರಿಗೆ ಹೆಚ್ಚಿನ ಆಹಾರ ಒದಗಿಸಿದರೆ ಅವರಲ್ಲಿ ಕ್ಷಯ ಕಡಿಮೆಯಾದೀತೆ ಎಂಬುದು ಅದರ ಪ್ರಶ್ನೆ. 28 ಕ್ಷಯ ಘಟಕಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ರೋಗಿಗಳಿಗೆ ಎರಡೂ ಕಡೆ ಆಹಾರ ಸಿಕ್ಕಿತು. ಮನೆಯ ಉಳಿದವರಿಗೆ ಮಾತ್ರ ಒಂದು ಕಡೆ ಸಿಕ್ಕಿತು, ಇನ್ನೊಂದು ಕಡೆ ಸಿಗಲಿಲ್ಲ. ವಯಸ್ಕರೊಬ್ಬರಿಗೆ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ಜೀವಸತ್ವದ ಮಾತ್ರೆಗಳು.

ಲೇಖನದ ಮುಖ್ಯ ಫಲಿತಾಂಶ ಹೀಗಿದೆ: ಆಹಾರ ಪಡೆದ ಗುಂಪಿನಲ್ಲಿ ಕ್ಷಯದ ಪ್ರಮಾಣ ನೂರಕ್ಕೆ 39ರಷ್ಟು ಇಳಿಯಿತು. ವಾಕ್ಯ ಸತ್ಯವೇ. ಆದರೂ ಇದನ್ನು ಹಾಗೆಯೇ ಕನ್ನಡಕ್ಕಿಳಿಸಿ ಮನೆಗೆ ಕೊಟ್ಟರೆ, ‘ನೂರು ಜನರಲ್ಲಿ 39 ಮಂದಿ ಉಳಿದುಕೊಂಡರು’ ಎಂದು ಓದುವವರೇ ಹೆಚ್ಚು. ಮೂವತ್ತೊಂಬತ್ತು ಎಂಬುದು ಯಾವುದರ ಭಾಗ ಎಂಬುದು ವಾಕ್ಯದೊಳಗೆ ಇಲ್ಲದಿರುವುದೇ ಇದಕ್ಕೆ ಕಾರಣ. ಅದು ಜನರ ಭಾಗವಲ್ಲ, ಬರಬಹುದಾಗಿದ್ದ ರೋಗದ ಭಾಗ.

ಇದನ್ನು ಸರಿಪಡಿಸಲು ಲೇಖನದ ಒಳಗಿನ ಪಟ್ಟಿಗೇ ಹೋಗಬೇಕು. ಆಹಾರ ಪಡೆಯದ 4,724 ಮಂದಿಯಲ್ಲಿ 122 ಮಂದಿಗೆ ಕ್ಷಯ ಬಂತು. ಪಡೆದ 5,621 ಮಂದಿಯಲ್ಲಿ 96 ಮಂದಿಗೆ ಬಂತು. ಗುಂಪುಗಳ ಗಾತ್ರ ಬೇರೆಯಾದ್ದರಿಂದ 122 ಮತ್ತು 96ನ್ನು ಪಕ್ಕಪಕ್ಕದಲ್ಲಿಟ್ಟರೆ ಹೋಲಿಕೆ ತಪ್ಪುತ್ತದೆ. ಎರಡನ್ನೂ ಸಾವಿರದ ಲೆಕ್ಕಕ್ಕೆ ತಂದಾಗ ಸಾವಿರಕ್ಕೆ ಸುಮಾರು 26 ಮತ್ತು ಸಾವಿರಕ್ಕೆ ಸುಮಾರು 17 ಎಂದಾಗುತ್ತದೆ. ಅಂದರೆ ಸಾವಿರ ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ರೋಗ ತಪ್ಪಿತು. ಊರಿನ ಹಿರಿಯರೊಬ್ಬರು ಕಣ್ಣೆದುರು ತಂದುಕೊಳ್ಳಬಲ್ಲ ಸಂಖ್ಯೆಯಿದು. ಆಹಾರವಿಲ್ಲದ ಗುಂಪಿನಲ್ಲಿಯೂ ಸಾವಿರದಲ್ಲಿ 974 ಮಂದಿಗೆ ಅಧ್ಯಯನದ ಅವಧಿಯಲ್ಲಿ ಕ್ಷಯ ಬರಲಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ. ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಬಂತೆಂದು ನಡುಗುವವರಿಗೆ ಈ ಮಾತು ಬೇಕಾದದ್ದು.

ಲೆಕ್ಕ ಬಲ್ಲ ಓದುಗರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. 26ರಿಂದ 17ಕ್ಕೆ ಇಳಿದರೆ ಅದು ನೂರಕ್ಕೆ ಸುಮಾರು 35 ಆಗುತ್ತದಲ್ಲದೆ 39 ಆಗುವುದಿಲ್ಲ. ಆಕ್ಷೇಪ ಸರಿ, ಲೇಖನವೂ ಸರಿ. ಪ್ರತಿಯೊಬ್ಬರನ್ನೂ ಎಷ್ಟು ಕಾಲ ಗಮನಿಸಲಾಯಿತು ಎಂಬುದನ್ನೂ, ಎರಡು ಗುಂಪುಗಳ ನಡುವೆ ಮೊದಲೇ ಇದ್ದ ವ್ಯತ್ಯಾಸಗಳನ್ನೂ ಲೆಕ್ಕಕ್ಕೆ ಹಿಡಿದು ಸಂಶೋಧಕರು 39ಕ್ಕೆ ಬಂದಿದ್ದಾರೆ. ಸಾರಾಂಶದಲ್ಲಿ ಸಾವಿರದ ಲೆಕ್ಕವನ್ನು ‘ಸುಮಾರು’ ಎಂಬ ಪದದೊಡನೆ ಕೊಟ್ಟು, 39ನ್ನು ಬಿಟ್ಟುಬಿಡುವುದೇ ಲೇಸು. ಎರಡನ್ನೂ ಕೊಟ್ಟರೆ ಈ ವಿವರಣೆಯನ್ನೂ ಕೊಡಬೇಕಾಗುತ್ತದೆ. ಮನೆಯವರಿಗೆ ಅದರ ಅಗತ್ಯವಿಲ್ಲ.

ಅನಿಶ್ಚಿತತೆಯನ್ನು ಮಾತ್ರ ಬಿಡುವಂತಿಲ್ಲ. ಇಳಿಕೆ ನೂರಕ್ಕೆ 15ರಷ್ಟು ಕಡಿಮೆಯೂ 57ರಷ್ಟು ಹೆಚ್ಚೂ ಆಗಿರಬಹುದೆಂದು ಲೇಖನದ ಅಂಕಿಗಳೇ ತೋರಿಸುತ್ತವೆ. ಇದನ್ನು ಸಂಖ್ಯೆಯಿಲ್ಲದೆಯೂ ಹೇಳಬಹುದು: ‘ಪ್ರಯೋಜನ ಇದೆ ಎಂಬುದಕ್ಕೆ ಬಲವಾದ ಆಧಾರವಿದೆ, ಅದು ಇಷ್ಟೇ ಎಂದು ಕರಾರುವಾಕ್ಕಾಗಿ ಹೇಳಲಾಗದು.’ ‘ಸಾಬೀತಾಗಿದೆ’ ಎಂಬ ಕ್ರಿಯಾಪದ ಇಲ್ಲಿ ಅಪಾಯಕಾರಿ, ‘ಇರಬಹುದೇನೋ’ ಎಂಬುದು ಅದಕ್ಕಿಂತ ಹೆಚ್ಚಿನ ಅನ್ಯಾಯ.

ಇನ್ನು ಪದಗಳ ವಿಚಾರ. ಪರಿಭಾಷೆಯನ್ನು ಕನ್ನಡಿಸಿದ ಮಾತ್ರಕ್ಕೆ ಸರಳವಾಗುವುದಿಲ್ಲ. ‘ನಿಯಂತ್ರಿತ ಗುಂಪು’ ಎಂದರೆ ಯಾರನ್ನೋ ಕಟ್ಟುನಿಟ್ಟಿನಲ್ಲಿ ಇಟ್ಟಂತೆ ಕೇಳಿಸುತ್ತದೆ. ‘ಹೋಲಿಕೆಯ ಗುಂಪು’ ಎಂದರೆ ಕೆಲಸ ಮುಗಿಯಿತು. ‘ಸೋಂಕು’ ಮತ್ತು ‘ರೋಗ’ ಎರಡನ್ನೂ ಒಂದರ ಬದಲಿಗೆ ಇನ್ನೊಂದನ್ನು ಬಳಸಿದರೆ ಅರ್ಥವೇ ಕೆಡುತ್ತದೆ: ಕ್ಷಯದ ರೋಗಾಣು ದೇಹದಲ್ಲಿದ್ದೂ ರೋಗವೇಳದ ಜನ ಬಹಳ, ಈ ಅಧ್ಯಯನ ಎಣಿಸಿದ್ದು ರೋಗವನ್ನು. ರೋಗದ ಹೆಸರೂ ಒಂದೇ ಅಲ್ಲ. ತಾಳವಾಡಿ, ಹೊಸೂರು ಕಡೆಯ ಮನೆಗೆ ಬರುವ ಕಾಗದದಲ್ಲಿ ತಮಿಳಿನ ‘ಕಾಸನೋಯ್’ ಇದ್ದೀತು. ಸಾರಾಂಶದ ಮೊದಲ ಸಾಲಿನಲ್ಲಿ ‘ಕ್ಷಯ ಅಥವಾ ಟಿ.ಬಿ.’ ಎಂದು ಬರೆದು, ಸ್ಥಳೀಯ ಹೆಸರನ್ನೂ ಒಮ್ಮೆ ಸೇರಿಸಿದರೆ ಕಾಗದವೂ ಸಾರಾಂಶವೂ ಒಂದೇ ರೋಗದ ಮಾತಾಡುತ್ತಿವೆ ಎಂಬುದು ಗೊತ್ತಾಗುತ್ತದೆ.

ಕೊನೆಗೆ, ಲೇಖನ ಹೇಳದೆ ಇರುವುದನ್ನು ಹೇಳಬೇಕು. ಅಕ್ಕಿಬೇಳೆ ಕ್ಷಯವನ್ನು ಗುಣಪಡಿಸುತ್ತದೆಂದು ಅದು ಹೇಳಿಲ್ಲ. ಜಾರ್ಖಂಡಿನ ಆ ಮನೆಗಳ ಸುಮಾರು ಮೂರರಲ್ಲೊಂದು ಭಾಗದ ಸದಸ್ಯರಿಗೆ ಪೌಷ್ಟಿಕತೆಯ ಕೊರತೆಯಿತ್ತು. ಚೆನ್ನಾಗಿ ಉಂಡು ಬೆಳೆದ ಮನೆಯಲ್ಲಿ ಫಲ ಇಷ್ಟೇ ಇರುವುದೆಂದು ಇದರಿಂದ ತೀರ್ಮಾನಿಸಲಾಗದು.

ಇಷ್ಟನ್ನು ಮನಸ್ಸಿನಲ್ಲಿಟ್ಟು ಬರೆದ ಸಾರಾಂಶ ಹೀಗಿರಬಹುದು:

‘ಮನೆಯಲ್ಲಿ ಒಬ್ಬರಿಗೆ ಕ್ಷಯ ಅಥವಾ ಟಿ.ಬಿ. ಇದ್ದಾಗ ಉಳಿದವರಿಗೂ ಅದು ಬರಬಹುದು. ಉಳಿದವರಿಗೆ ಹೆಚ್ಚಿನ ಆಹಾರ ಕೊಟ್ಟರೆ ಟಿ.ಬಿ. ಕಡಿಮೆಯಾಗುವುದೇ ಎಂದು ಜಾರ್ಖಂಡಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಲಾಯಿತು. ಅವರಿಗೆ ಆಗಲೇ ಟಿ.ಬಿ. ಇದೆಯೇ ಎಂದು ಮೊದಲು ತಪಾಸಣೆ ನಡೆಯಿತು. ಆಮೇಲೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಗಮನಿಸಲಾಯಿತು. ಹೆಚ್ಚಿನ ಆಹಾರ ಸಿಗದವರಲ್ಲಿ ಸಾವಿರಕ್ಕೆ ಸುಮಾರು 26 ಮಂದಿಗೆ ಟಿ.ಬಿ. ಬಂತು. ಸಿಕ್ಕವರಲ್ಲಿ ಸುಮಾರು 17 ಮಂದಿಗೆ ಬಂತು. ಪ್ರಯೋಜನ ಇದೆ ಎಂಬುದಕ್ಕೆ ಬಲವಾದ ಆಧಾರವಿದೆ. ಅದು ಎಷ್ಟು ಎಂಬುದು ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. ಆಹಾರವು ಔಷಧದ ಬದಲಿ ಅಲ್ಲ. ರೋಗಿ ಮಾತ್ರೆ ನಿಲ್ಲಿಸಬಾರದು. ಮನೆಯವರು ತಪಾಸಣೆ ತಪ್ಪಿಸಬಾರದು.’

ಬರೆದವರಿಗೆ ತಮ್ಮ ಬರೆಹ ಯಾವಾಗಲೂ ಸ್ಪಷ್ಟವಾಗಿಯೇ ಕಾಣುತ್ತದೆ. ಆದ್ದರಿಂದ ವಿಷಯ ತಿಳಿಯದ ಒಬ್ಬರಿಗೆ ಇದನ್ನು ಓದಿಸಿ, ಹಾಳೆಯನ್ನು ಮಗುಚಿಟ್ಟು, ‘ನಿಮ್ಮ ಮನೆಯವರಿಗೆ ಇದನ್ನು ಹೇಗೆ ಹೇಳುವಿರಿ?’ ಎಂದು ಕೇಳಬೇಕು. ‘ಅರ್ಥವಾಯಿತೇ?’ ಎಂದು ಕೇಳಿದರೆ ಮರ್ಯಾದೆಗಾದರೂ ಹೌದೆನ್ನುತ್ತಾರೆ. ‘ಇನ್ನು ಮಾತ್ರೆ ಬೇಡವಂತೆ, ಬೇಳೆ ಸಾಕಂತೆ’ ಎಂಬ ಉತ್ತರ ಬಂದರೆ ಔಷಧದ ವಾಕ್ಯ ತೀರ ಕೊನೆಗೆ ಸರಿದಿದೆ ಎಂದು ತಿಳಿದು ಅದನ್ನು ಮೇಲಕ್ಕೆ ತರಬೇಕು. ಬದಲಿಸಿದ ಪ್ರತಿಯನ್ನು ಮತ್ತೊಬ್ಬರಿಂದ ಓದಿಸಬೇಕು. ಮೊದಲು ಓದಿದವರಿಗೆ ವಿಷಯ ಆಗಲೇ ಗೊತ್ತಾಗಿರುತ್ತದೆ.