ಜೂನ್ ಒಂದಕ್ಕೆ ಆರು ತುಂಬಿತೇ?



ಮನೆಯಲ್ಲಿ ತಮ್ಮನನ್ನೋ ತಂಗಿಯನ್ನೋ ಒಂದನೇ ತರಗತಿಗೆ ಸೇರಿಸುವ ಮಾತು ಬಂದಾಗ ಲೆಕ್ಕ ಹಾಕುವ ಕೆಲಸ ಹೆಚ್ಚಾಗಿ ನಿಮ್ಮ ಪಾಲಿಗೇ ಬರುತ್ತದೆ. 2025ರಲ್ಲಿ ಅದು ನನ್ನ ಪಾಲಿಗೆ ಬಂತು. ಕಾಪುವಿನಲ್ಲಿರುವ ನನ್ನ ತಂಗಿ ಫೋನ್ ಮಾಡಿ, "ಅಣ್ಣಾ, ಮಗು ಹುಟ್ಟಿದ್ದು ಹತ್ತೊಂಬತ್ತರಲ್ಲಿ, ಈಗ ಇಪ್ಪತ್ತೈದು. ಆರು ಆಯಿತಲ್ಲ?" ಎಂದಳು. ಮಗುವಿನ ಜನ್ಮದಿನ 2019ರ ಜೂನ್ 3.

ನಿಯಮ ಕೇಳುವುದು ಇಸವಿಗಳ ವ್ಯತ್ಯಾಸವನ್ನಲ್ಲ. ನಿಗದಿಯಾದ ದಿನಕ್ಕೆ ಎಷ್ಟು ವರ್ಷ ತುಂಬಿದೆ ಎಂಬುದನ್ನು. ಕರ್ನಾಟಕದಲ್ಲಿ ಆ ದಿನ ಜೂನ್ 1. ಲೆಕ್ಕವನ್ನು ಕಾಗದದ ಮೇಲೆ ಮಾಡೋಣ. ಮೇಲೆ 2025ನೇ ವರ್ಷ, 6ನೇ ತಿಂಗಳು, 1ನೇ ದಿನ. ಕೆಳಗೆ 2019, 6, 3. ಒಂದರಿಂದ ಮೂರು ಕಳೆಯಲಾಗದು. ಮೇ ತಿಂಗಳಿನ 31 ದಿನಗಳನ್ನು ಸಾಲ ಪಡೆದರೆ ಮೇಲೆ 32 ಆಗುತ್ತದೆ. ಮೂರು ಕಳೆದರೆ 29 ದಿನ. ತಿಂಗಳ ಸ್ಥಾನದಲ್ಲಿ ಈಗ 5 ಉಳಿದಿದೆ. ವರ್ಷದಿಂದ 12 ತಂದರೆ 17, ಆರು ಕಳೆದರೆ 11. ವರ್ಷ 2024ರಿಂದ 2019 ಹೋದರೆ 5. ಅಂದರೆ ಮಗುವಿನ ವಯಸ್ಸು ಐದು ವರ್ಷ, ಹನ್ನೊಂದು ತಿಂಗಳು, 29 ದಿನ. ಆರು ತುಂಬಲು ಇನ್ನೂ ಎರಡು ದಿನ ಬೇಕು.

ತಂಗಿಯ ನೆರೆಮನೆಯ ಕಾಲೇಜು ಹುಡುಗನೊಬ್ಬ ಬೇರೆ ದಾರಿ ಹಿಡಿದಿದ್ದ. ಹುಟ್ಟಿದ ದಿನದಿಂದ ಜೂನ್ 1ರವರೆಗೆ 2,190 ದಿನ. 365ರಿಂದ ಭಾಗಿಸಿದರೆ ಸರಿಯಾಗಿ 6! ಭಾಗಾಕಾರ ತಪ್ಪಿಲ್ಲ, ಆದರೆ ಉತ್ತರ ತಪ್ಪು. 2020 ಮತ್ತು 2024 ಅಧಿಕ ವರ್ಷಗಳಾದ್ದರಿಂದ ಆ ಆರು ವರ್ಷಗಳಲ್ಲಿ 2,192 ದಿನಗಳಿವೆ. ಬಿಟ್ಟುಹೋದ ಆ ಎರಡು ದಿನಗಳೇ ಇಲ್ಲಿ ನಿರ್ಣಾಯಕ. ಆದ್ದರಿಂದ ದಿನಗಳನ್ನು ಎಣಿಸಬೇಡಿ. ಜನ್ಮದಿನಕ್ಕೆ ಆರು ವರ್ಷ ಕೂಡಿಸಿ, ಬಂದ ದಿನಾಂಕ ಜೂನ್ 1 ಅಥವಾ ಅದಕ್ಕಿಂತ ಮೊದಲಿನದೇ ಎಂದು ನೋಡಿ. ಇದು ಅತ್ಯಂತ ಸುಲಭದ ಪರೀಕ್ಷೆ.

ಹಾಗಾದರೆ ಮಗು ಒಂದು ವರ್ಷ ಕಾಯಬೇಕಾಯಿತೇ? ಇಲ್ಲ. ಆರು ವರ್ಷ ತುಂಬಿರಬೇಕೆಂಬ ಆದೇಶ ಹೊರಟದ್ದು 2022ರ ಜುಲೈಯಲ್ಲಿ. ಅದನ್ನು 2025-26ರಿಂದ ಜಾರಿಗೆ ತರುವುದೆಂದು ಆಮೇಲೆ ಮುಂದೂಡಲಾಯಿತು. 2025ರ ಏಪ್ರಿಲ್‌ನಲ್ಲಿ ಸರ್ಕಾರ ಆ ಒಂದು ವರ್ಷದ ಮಟ್ಟಿಗೆ, ಯುಕೆಜಿ ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳು ಸಾಕೆಂದು ಸಡಿಲಿಸಿತು. ನಮ್ಮ ಮಗು ಯುಕೆಜಿ ಮುಗಿಸಿತ್ತು, ಸೇರಿತು. ಲೆಕ್ಕ ಒಂದೇ, ಆದರೆ ಮಿತಿ ಬದಲಾಗಬಹುದು. ಆದ್ದರಿಂದ ಹಿಂದಿನ ವರ್ಷ ಕಾರ್ಕಳದ ಅತ್ತೆಯ ಮಗನಿಗೆ ನಡೆದದ್ದು ಈ ವರ್ಷ ನಿಮ್ಮ ತಂಗಿಗೂ ನಡೆಯುತ್ತದೆ ಎಂದುಕೊಳ್ಳದೆ, ಆಯಾ ವರ್ಷದ ಸುತ್ತೋಲೆಯನ್ನು ನೋಡಿ.

ಶಾಲೆ ಬದಲಾದರೆ ದಿನವೂ ಬದಲಾಗುತ್ತದೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಮಾರ್ಚ್ 31ಕ್ಕೆ ಆರು ತುಂಬಿರಬೇಕು. ಏಪ್ರಿಲ್ 1ರಂದು ಹುಟ್ಟಿದ ಮಗುವನ್ನೂ ಪರಿಗಣಿಸುತ್ತಾರೆ. ಇದು ರಿಯಾಯಿತಿಯಂತೆ ಕಂಡರೂ ಹಿಂದೆ ಒಂದು ತರ್ಕವಿದೆ. ಹುಟ್ಟಿದ ದಿನವನ್ನೂ ಪೂರ್ಣ ದಿನವೆಂದು ಎಣಿಸಿದರೆ, ಆರನೇ ವರ್ಷ ಮುಗಿಯುವುದು ಜನ್ಮದಿನದ ಹಿಂದಿನ ರಾತ್ರಿ ಹನ್ನೆರಡಕ್ಕೆ. ನೌಕರಿಯ ವಯೋಮಿತಿಯ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿ ವಯಸ್ಸನ್ನು ಹೀಗೆಯೇ ಎಣಿಸಿತು. ಆ ತರ್ಕದಂತೆ ಜೂನ್ 2ರಂದು ಹುಟ್ಟಿದ ಮಗುವಿನ ಪ್ರಶ್ನೆಯೂ ಕೇಳತಕ್ಕದ್ದೇ. ಅದನ್ನು ಶಾಲೆಯ ಬಾಗಿಲಲ್ಲಿ ವಾದಿಸದೆ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆದು ಕೇಳಿ.

ಇನ್ನು ದಾಖಲೆ. ಮಣಿಪಾಲದಲ್ಲಿ ಅಮೆರಿಕದಿಂದ ಮರಳಿದ ಕುಟುಂಬಗಳಿವೆ. ಅಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ. ಅಲ್ಲಿನ ಕಾಗದದಲ್ಲಿ 06/05 ಎಂದಿದ್ದರೆ ಅದು ಜೂನ್ 5. ನಾವು ಓದುವಂತೆ ಓದಿದರೆ ಮೇ 6. ಒಬ್ಬನೇ ಹುಡುಗ ಒಂದು ಓದಿಗೆ ಅರ್ಹ, ಇನ್ನೊಂದಕ್ಕೆ ಅನರ್ಹ! ತಿಂಗಳನ್ನು ಅಕ್ಷರದಲ್ಲಿ ಬರೆದ ದಾಖಲೆಯನ್ನು ಕೇಳಿ ನೋಡಿ. ಜನನ ಪ್ರಮಾಣಪತ್ರವೇ ಇಲ್ಲದಿದ್ದರೆ? 2009ರ ಶಿಕ್ಷಣ ಹಕ್ಕು ಕಾಯಿದೆಯ 14ನೇ ಕಲಮಿನಂತೆ, ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ.

ಕೊನೆಗೊಂದು ಮಾತು. ಎರಡು ದಿನದ ಕೊರತೆ ಕಂಡಾಗ, "ದಿನಾಂಕವನ್ನೇ ಸ್ವಲ್ಪ ಹಿಂದೆ ಬರೆಸಿದರಾಯಿತು" ಎನ್ನುವ ಹಿರಿಯರು ಇದ್ದೇ ಇರುತ್ತಾರೆ. ಶಾಲೆಯ ದಾಖಲೆಗೆ ಹೋದ ದಿನಾಂಕವೇ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಬರುತ್ತದೆ. ಆಗ ಜನನ ಪ್ರಮಾಣಪತ್ರ ಒಂದು ಹೇಳಿದರೆ ಅಂಕಪಟ್ಟಿ ಇನ್ನೊಂದು ಹೇಳುತ್ತದೆ. ಪಾಸ್‌ಪೋರ್ಟಿಗೋ ನೌಕರಿಗೋ ಅರ್ಜಿ ಹಾಕುವ ದಿನ ಉತ್ತರ ಕೊಡಬೇಕಾದವಳು ಆ ಮಗುವೇ.