ಶಿಫ್ಟ್ ಮುಗಿಸಿ ಪ್ರೋಗ್ರಾಂ ಕಲಿಯುವವರಿಗೆ

ಪೀಣ್ಯದ ಶೆಡ್ಡುಗಳಲ್ಲಿ ದಿನವಿಡೀ ಸಿಎನ್‌ಸಿ ಲೇತ್ ಮುಂದೆ ನಿಂತು ಜಾಬ್ ಹಾಕಿ ತೆಗೆಯುವ ಅನೇಕ ಆಪರೇಟರುಗಳಿಗೆ ಒಂದು ಆಸೆ ಇರುತ್ತದೆ: ಪ್ರೋಗ್ರಾಂ ಬರೆಯಲು ಕಲಿತು ಸೆಟ್ಟರ್ ಆಗಬೇಕು. ಭಾನುವಾರ ನಾಲ್ಕು ತಾಸು ಕೂತು ಪುಸ್ತಕ ಓದುತ್ತಾರೆ, ಗೆರೆ ಎಳೆಯುತ್ತಾರೆ. ಬುಧವಾರ ಸೆಟ್ಟರ್ ಏನಾದರೂ ಕೇಳಿದರೆ ಬಾಯಿ ಕಟ್ಟುತ್ತದೆ. ವಯಸ್ಸಾಯಿತು, ತಲೆಗೆ ಹತ್ತುತ್ತಿಲ್ಲ ಎಂದು ಪುಸ್ತಕ ಅಟ್ಟಕ್ಕೇರುತ್ತದೆ.

ಇಂಥವರಿಗೆ ನಾನು 2006ರ ಒಂದು ಪ್ರಯೋಗ ಹೇಳುತ್ತೇನೆ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಕೆಲವು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ನಾಲ್ಕು ಸರದಿ ಓದಿಸಿದರು. ಇನ್ನು ಕೆಲವರಿಗೆ ಒಂದೇ ಸರದಿ ಓದಿಸಿ, ಪುಸ್ತಕ ಮುಚ್ಚಿಸಿ, ನೆನಪಿದ್ದಷ್ಟನ್ನು ಮೂರು ಸಲ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಅವರಿಗೆ ಉಳಿದದ್ದು ನೂರಕ್ಕೆ ಸುಮಾರು 40, ಬರೆದವರಿಗೆ ಸುಮಾರು 61. ನಮ್ಮನ್ನು ಮೋಸಗೊಳಿಸುವುದು ಆ ಮೊದಲ ಐದು ನಿಮಿಷ. ಓದಿದ್ದು ಕಣ್ಣಿಗೆ ಪರಿಚಯವಾದರೆ ಸಾಕು, ಬಂತು ಎಂದೇ ಅನ್ನಿಸಿಬಿಡುತ್ತದೆ.

ಹಾಗಾದರೆ ಮಾಡುವುದೇನು? ಅಂಗೈಯಗಲದ ರಟ್ಟಿನ ಚೀಟಿಗಳು, ಐದು ಖಾನೆಯ ಒಂದು ಡಬ್ಬಿ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ ಜರ್ಮನ್ ಓದುಗರಿಗೆ ತೋರಿಸಿಕೊಟ್ಟ ಉಪಾಯ ಇದು. ಮೊದಲ ಖಾನೆಯ ಚೀಟಿ ದಿನಾ ನೋಡಬೇಕು, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ, ನಾಲ್ಕನೆಯದು ಹದಿನೈದು ದಿನಕ್ಕೆ, ಕೊನೆಯದು ತಿಂಗಳಿಗೆ. ಸರಿ ಹೇಳಿದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಎಲ್ಲೇ ಇದ್ದರೂ ಮತ್ತೆ ಮೊದಲಿಗೆ. ಹೀಗೆ ಮರೆಯುವ ಅಂಚಿಗೆ ಬಂದದ್ದನ್ನು ತುಸು ತಿಣುಕಿ ತೆಗೆದಾಗಲೇ ಅದು ಗಟ್ಟಿಯಾಗುವುದು. ಫೋನಿನಲ್ಲಿ `Anki` ಎಂಬ ಆ್ಯಪ್ ಇಂಥ ಲೆಕ್ಕವನ್ನೆಲ್ಲ ತಾನೇ ಇಡುತ್ತದೆ. ಎಣ್ಣೆಗೈಗೆ ರಟ್ಟೇ ಮೇಲು ಎನ್ನುವವನು ನಾನು.

ಚೀಟಿಯಲ್ಲಿ ಏನು ಬರೆಯುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ನಮ್ಮ ಸಂಜೆ ತರಗತಿಯ ಒಬ್ಬ ಹುಡುಗ, ಹಗಲು ಪೂರ್ತಿ ಶಿಫ್ಟ್ ಮಾಡುವವನು, "`G96` ಎಂದರೇನು?" ಎಂದು ಬರೆದಿದ್ದ. ಹಿಂದೆ ಉತ್ತರ: "ಕತ್ತರಿಸುವ ವೇಗ ಒಂದೇ ಸಮ ಇಡುವ ಕೋಡು." ಗಿಣಿಪಾಠದಂತೆ ಒಪ್ಪಿಸುತ್ತಿದ್ದ. ಚೀಟಿ ಬದಲಿಸು ಎಂದೆ. ಹೊಸದು ಹೀಗಿತ್ತು: "`G96 S150`, ಫೇಸಿಂಗ್. ಟೂಲ್ 50 ಮಿ.ಮೀ. ವ್ಯಾಸದಲ್ಲಿದ್ದಾಗ ಸ್ಪಿಂಡಲ್ ಎಷ್ಟು ಸುತ್ತು? 10ಕ್ಕೆ ಬಂದಾಗ? ಮೊದಲೇ ಯಾವ ಸಾಲು ಇರಬೇಕಿತ್ತು?"

ವೇಗವನ್ನು ಸಾವಿರದಿಂದ ಗುಣಿಸಿ, 3.14ರಿಂದಲೂ ವ್ಯಾಸದಿಂದಲೂ ಭಾಗಿಸಿ. 50 ಮಿ.ಮೀ.ಗೆ ನಿಮಿಷಕ್ಕೆ ಸುಮಾರು 955 ಸುತ್ತು, 10ಕ್ಕೆ ಸುಮಾರು 4775. ಟೂಲ್ ಮಧ್ಯಕ್ಕೆ ಹೋದಷ್ಟೂ ಸುತ್ತು ಏರುತ್ತಲೇ ಹೋಗಿ, ಸರಿಯಾಗಿ ಹಿಡಿಯದ ಭಾರಿ ಜಾಬ್ ಚಕ್ಕಿನಿಂದ ಸಿಡಿಯಬಹುದು. ಅದಕ್ಕೇ ಫ್ಯಾನಕ್ ಲೇತಿನಲ್ಲಿ ಮೊದಲು `G50 S2000` ಎಂಬಂಥ ಮಿತಿಯ ಸಾಲು. ಮಂಗಳವಾರ ಹುಡುಗ ಮಿತಿಯ ಸಾಲು ಮರೆತ. ಬುಧವಾರ ಹೇಳಿದ, ಚೀಟಿ ಎರಡನೇ ಖಾನೆಗೆ ಹೋಯಿತು. ಶನಿವಾರ ಮತ್ತೆ ತಪ್ಪಿದ, ಹಿಂದಕ್ಕೆ ಬಂತು. ಬೇಸರಪಟ್ಟ. ಆ ತಪ್ಪು ಶನಿವಾರವೇ ಸಿಕ್ಕಿದ್ದು ಅವನ ಅದೃಷ್ಟ ಎಂದೆ.

ಚೀಟಿ ತಿರುಗಿಸುವ ಮುನ್ನ ಉತ್ತರವನ್ನು ಬಾಯಿಬಿಟ್ಟು ಹೇಳಿ, ಇಲ್ಲವೇ ಬರೆಯಿರಿ. ತಿರುಗಿಸಿ ನೋಡಿ "ಓ, ಗೊತ್ತಿತ್ತು" ಎಂದರೆ ಅದನ್ನು ತಪ್ಪಿನ ಲೆಕ್ಕಕ್ಕೇ ಹಾಕಿ.

ಹೊಸ ಚೀಟಿ ದಿನಕ್ಕೆ ಮೂರೋ ನಾಲ್ಕೋ ಸಾಕು. ಇಂದು ಇಪ್ಪತ್ತು ಸೇರಿಸುವುದು ಸುಲಭ, ಎರಡು ವಾರದಲ್ಲಿ ಅವೆಲ್ಲ ಒಟ್ಟಿಗೆ ಬಾಗಿಲು ತಟ್ಟುತ್ತವೆ. ಓಟಿ ಬಿದ್ದ ವಾರ ಹೊಸದನ್ನು ಪೂರ್ತಿ ನಿಲ್ಲಿಸಿ, ಬಸ್ಸಿನ ಹತ್ತು ನಿಮಿಷದಲ್ಲಿ ಆದಷ್ಟು ಹಳೆಯದು ನೋಡಿ. ಉಳಿದದ್ದು ನಾಳೆಗಿರಲಿ.

ಆದರೆ ಚೀಟಿಯಿಂದ ಪ್ರೋಗ್ರಾಂ ಬರೆಯಲು ಬರುವುದಿಲ್ಲ. ಕೋಡುಗಳೆಲ್ಲ ನಾಲಿಗೆ ತುದಿಯಲ್ಲಿದ್ದು, ಡ್ರಾಯಿಂಗ್ ಎದುರು ಮೊದಲ ಸಾಲೇ ಹೊಳೆಯದಿದ್ದರೆ ಬರೆಯುವ ಅಭ್ಯಾಸದ್ದೇ ಕೊರತೆ ಎಂದು ತಿಳಿಯಿರಿ. ಭಾನುವಾರದ ಓದಿನ ಬದಲು ಒಂದು ಸರಳ ಡ್ರಾಯಿಂಗ್ ಇಟ್ಟುಕೊಂಡು, ಖಾಲಿ ಹಾಳೆಯ ಮೇಲೆ ಇಡೀ ಪ್ರೋಗ್ರಾಂ ಬರೆಯಿರಿ. ಅದೇ ಜಾಬಿನ ಓಡುತ್ತಿರುವ ಪ್ರೋಗ್ರಾಮನ್ನು ಸೆಟ್ಟರನ್ನು ಕೇಳಿ ಪಡೆದು ಸಾಲುಸಾಲಾಗಿ ಹೋಲಿಸಿ. ತಪ್ಪಿದ ಪ್ರತಿ ಸಾಲಿಗೂ ಒಂದು ಚೀಟಿ. ಅದೇ ಡ್ರಾಯಿಂಗನ್ನು ಮೂರು ವಾರ ಬಿಟ್ಟು ಮತ್ತೆ ಖಾಲಿ ಹಾಳೆಯಿಂದ ಬರೆಯಿರಿ.

ಇನ್ನೊಂದು ಮಾತು. ಚೀಟಿಯ ಮೂಲೆಯಲ್ಲಿ ಕಂಟ್ರೋಲರ್ ಹೆಸರು ಇರಲೇಬೇಕು. ಫ್ಯಾನಕ್ ಲೇತಿನಲ್ಲಿ `G71` ರಫಿಂಗ್ ಸೈಕಲ್. ಸೀಮೆನ್ಸಿನಲ್ಲಿ ಅದೇ `G71` ಅಳತೆ ಮಿಲಿಮೀಟರಿನಲ್ಲಿದೆ ಎಂದು ಹೇಳುತ್ತದೆ, ಅಷ್ಟೇ. ಗಟ್ಟಿಯಾಗಿ ಕಲಿತ ತಪ್ಪನ್ನು ಬಿಡಿಸುವುದು ತುಂಬ ಕಷ್ಟ.